ಪಂಚಾಯಿತಿಗೆ ಫೈಬರ್: ನೆಲದಡಿಯೋ, ಕಂಬದ ಮೇಲೋ?

ಗ್ರಾಮ ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ಗೋಡೆಗೆ ಬಡಿದ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರ ಮೇಲೆ ‘ಪಾನ್’ ಎಂಬ ಹಸಿರು ದೀಪ ನಿಂತು ಉರಿಯುತ್ತಿದ್ದರೆ ಇ-ಸ್ವತ್ತು ಖಾತೆ, ನರೇಗಾ ಹಾಜರಿ, ತೆರಿಗೆ ರಸೀದಿ ಎಲ್ಲವೂ ಸಾಗುತ್ತವೆ. ಅದು ಆರಿ, ಪಕ್ಕದ ‘ಲಾಸ್’ ಎಂಬ ಕೆಂಪು ದೀಪ ಮಿಟುಕತೊಡಗಿದರೆ ತಾಲ್ಲೂಕು ಕೇಂದ್ರದಿಂದ ಬರುತ್ತಿದ್ದ ಬೆಳಕು ದಾರಿಯಲ್ಲೆಲ್ಲೋ ನಿಂತಿದೆ ಎಂದರ್ಥ. ಅಲ್ಲಿಂದ ಮುಂದೆ ಪಿಡಿಒ ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ನಡೆಸುತ್ತಾರೆ. ಆ ಬೆಳಕು ಎಲ್ಲಿ ನಿಂತಿತು, ಎಷ್ಟು ಹೊತ್ತಿನಲ್ಲಿ ಮರಳಿ ಬರುತ್ತದೆ ಎನ್ನುವುದರ ಬಹುಪಾಲು ನಿರ್ಧಾರ ಕೇಬಲ್ ಎಳೆಯುವ ಮೊದಲೇ ಆಗಿಹೋಗಿರುತ್ತದೆ. ಕೇಬಲ್ ಯಾವ ರಸ್ತೆಯಲ್ಲಿ ಬಂತು, ರಸ್ತೆಯ ಯಾವ ಮಗ್ಗುಲಲ್ಲಿ ಬಂತು, ನೆಲದಡಿ ಬಂತೋ ಕಂಬದ ಮೇಲೆ ಬಂತೋ ಎಂಬುದೇ ಆ ನಿರ್ಧಾರ.

ದೇಶದ ಎಲ್ಲ ಪಂಚಾಯಿತಿಗಳಿಗೂ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಅದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ಭಾರತ್‌ನೆಟ್ ಎಂಬ ಹೆಸರು ಆಮೇಲಿನದು. 2012ರಲ್ಲಿ ರಾಜಸ್ಥಾನದ ಅರಾಯಿ, ಆಂಧ್ರದ ಪರವಾಡ, ತ್ರಿಪುರದ ಪಾನಿಸಾಗರ ಬ್ಲಾಕ್‌ಗಳಲ್ಲಿ ಪ್ರಯೋಗ ನಡೆಯಿತು. 2017ರ ಕೊನೆಗೆ ಮೊದಲ ಹಂತದ 1 ಲಕ್ಷ ಪಂಚಾಯಿತಿಗಳ ಲೆಕ್ಕ ಮುಗಿಯಿತು. ಕರ್ನಾಟಕದ ಬಹುತೇಕ ಪಂಚಾಯಿತಿಗಳಿಗೆ ಕೇಬಲ್ ಮುಟ್ಟಿದ್ದು ಆ ಹಂತದಲ್ಲೇ. ಹಾಗಾಗಿ ನಮ್ಮಲ್ಲಿ ಇಂದು ಮುಖ್ಯವಾಗಿರುವುದು, ಮುಟ್ಟಿದ ಕೇಬಲ್ ಬದುಕಿದೆಯೇ ಎಂಬ ಪ್ರಶ್ನೆ.

ಮೊದಲ ಹಂತದ ನಕ್ಷೆಯಲ್ಲಿ ಉಳಿತಾಯದ ಒಂದು ಲೆಕ್ಕಾಚಾರವಿತ್ತು. ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಿಂದ ಹಳ್ಳಿಯ ಕಡೆಗೆ ಬಿಎಸ್‌ಎನ್‌ಎಲ್ ಹಿಂದೆಯೇ ಹಾಕಿದ್ದ ಫೈಬರ್ ಒಂದಷ್ಟು ದೂರ ಇದ್ದೇ ಇತ್ತು. ಅದು ಮುಗಿಯುವ ಕಡೆಯಿಂದ ಪಂಚಾಯಿತಿ ಕಚೇರಿವರೆಗೆ ಮಾತ್ರ ಹೊಸ ಕೇಬಲ್ ಹಾಕಿದರೆ ಸಾಕು ಎಂದುಕೊಂಡರು. ಖರ್ಚೇನೋ ಉಳಿಯಿತು. ಆದರೆ ಹೊಸ ಕೇಬಲ್ ಎಷ್ಟೇ ಚೆನ್ನಾಗಿದ್ದರೂ ಅದರ ಬದುಕು ಹಿಂದಿನ ಹಳೆಯ ತುಂಡಿಗೆ ಗಂಟುಬಿತ್ತು. ಹಲವು ಬಾರಿ ತುಂಡಾಗಿ, ಹಲವು ಬಾರಿ ಬೆಸೆದ ಎಳೆಗಳವು. ಜೊತೆಗೆ ಇಡೀ ಜೋಡಣೆ ಒಂದೇ ಸಾಲಿನದು. ದಾರಿಯಲ್ಲಿ ಒಂದು ಕಡೆ ತುಂಡಾದರೆ ಅದರಾಚೆಯ ಎಲ್ಲ ಪಂಚಾಯಿತಿಗಳಲ್ಲೂ ಒಟ್ಟಿಗೆ ಕೆಂಪು ದೀಪ.

ಇದಕ್ಕೆ ಉತ್ತರವಾಗಿ ಬಂದದ್ದು ವರ್ತುಲ ಜೋಡಣೆ. 2023ರ ಆಗಸ್ಟ್‌ನಲ್ಲಿ ಸಂಪುಟ ಒಪ್ಪಿದ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಒಂದೊಂದೇ ಪಂಚಾಯಿತಿ ಮುಟ್ಟುತ್ತ, ಸುತ್ತು ಹಾಕಿ ಮತ್ತೆ ಕೇಂದ್ರಕ್ಕೇ ಬರಬೇಕು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಅದೇ ಗುತ್ತಿಗೆಯ ಭಾಗ. ಎಳೆದವರೇ ಕಾಯಬೇಕು ಎಂಬ ಈ ಷರತ್ತು ಹಿಂದಿನ ಅನುಭವ ಕಲಿಸಿದ್ದು.

ಕಾಗದದ ಮೇಲೆ ವರ್ತುಲ ಬರೆಯುವುದು ಸುಲಭ, ನೆಲದ ಮೇಲೆ ಕಷ್ಟ. ತಾಲ್ಲೂಕು ಕೇಂದ್ರಕ್ಕೆ ಮರಳಲು ಬೇರೆ ರಸ್ತೆ ಇಲ್ಲದ ಕಡೆ, ಅಥವಾ ಬೇರೆ ರಸ್ತೆ ಹಿಡಿದರೆ ಹತ್ತು ಕಿಲೋಮೀಟರ್ ಹೆಚ್ಚಾಗುವ ಕಡೆ, ಹೋಗುವ ಎಳೆಯನ್ನೂ ಬರುವ ಎಳೆಯನ್ನೂ ಒಂದೇ ಕೇಬಲಿನಲ್ಲಿ ಇಟ್ಟುಬಿಡುವ ಆಸೆ ಹುಟ್ಟುತ್ತದೆ. ನಕ್ಷೆಯಲ್ಲಿ ಅದು ವರ್ತುಲವೇ. ಜೆಸಿಬಿಯ ಬಕೆಟ್ಟಿಗೆ ಮಾತ್ರ ಒಂದೇ ಕೇಬಲ್. ಎರಡು ಮಗ್ಗುಲೂ ಒಂದೇ ಮೋರಿಯನ್ನೋ ಒಂದೇ ಸೇತುವೆಯನ್ನೋ ದಾಟುವುದು ಇದರ ಇನ್ನೊಂದು ರೂಪ. ಮಳೆಗಾಲದಲ್ಲಿ ಆ ಮೋರಿ ಕೊಚ್ಚಿಹೋದರೆ ವರ್ತುಲ ಮುರಿಯುತ್ತದೆ. ಯೋಜನೆ ಪರಿಶೀಲಿಸುವವರು ಮೊದಲು ನೋಡಬೇಕಾದ್ದು ಇದನ್ನೇ: ಎರಡು ದಾರಿಗಳು ಎಲ್ಲೆಲ್ಲಿ ಒಂದಾಗುತ್ತವೆ, ಅಲ್ಲಿ ಏನಿದೆ?

ದಾರಿ ಆರಿಸುವ ಕೆಲಸ ಆರಂಭವಾಗುವುದು ಕಾಲ್ನಡಿಗೆಯಿಂದ. ಜಿಪಿಎಸ್ ಹಿಡಿದು ಇಡೀ ರಸ್ತೆ ನಡೆದು ಮೋರಿ, ಸೇತುವೆ, ರೈಲು ಹಳಿ, ಬಂಡೆ, ಮರದ ಸಾಲು, ಕುಡಿಯುವ ನೀರಿನ ಪೈಪು, ವಿದ್ಯುತ್ ಕಂಬ ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಸರ್ವೆ ಕಚೇರಿಗಳಲ್ಲಿ ನಡೆಯಬೇಕು. ಮುಂದಿನ ನಾಲ್ಕೈದು ವರ್ಷದಲ್ಲಿ ಯಾವ ರಸ್ತೆ ಅಗಲವಾಗಲಿದೆ, ಎಲ್ಲಿ ನೀರಿನ ಪೈಪು ಬರಲಿದೆ ಎಂದು ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಎಂಜಿನಿಯರುಗಳನ್ನು ಕೇಳುವ ಸರ್ವೆ ಅದು. 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ಮೇಲೆ ಹಳ್ಳಿಹಳ್ಳಿಯಲ್ಲಿ ನೀರಿನ ಪೈಪಿಗಾಗಿ ನೆಲ ಅಗೆಯಲಾಯಿತು. ಅದಕ್ಕೂ ಮೊದಲೇ ರಸ್ತೆಯಂಚಿನಲ್ಲಿ ಹೂತಿದ್ದ ಫೈಬರ್ ಅನೇಕ ಕಡೆ ಆ ಅಗೆತಕ್ಕೆ ಸಿಕ್ಕಿತು. ತೆಲಂಗಾಣ ಇದನ್ನೇ ತಿರುಗಿಸಿ ಬಳಸಿಕೊಂಡಿತು. ಅಲ್ಲಿ ಮಿಷನ್ ಭಗೀರಥದ ನೀರಿನ ಪೈಪಿಗೆ ತೆಗೆದ ಗುಂಡಿಯಲ್ಲೇ ಫೈಬರ್ ಡಕ್ಟ್ ಕೂಡ ಮಲಗಿತು. ಎರಡು ಇಲಾಖೆಗಳು ಅಗೆಯುವ ಮೊದಲೇ ಮಾತಾಡಿಕೊಂಡರೆ ಒಂದೇ ಗುಂಡಿ ಸಾಕು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಯ್ಕೆಯ ಕಷ್ಟ ತಿಳಿಯಲು ಒಂದು ಮಾದರಿ ದಾರಿಯನ್ನು ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದಿಂದ ಒಂದು ಪಂಚಾಯಿತಿಗೆ ಹೋಗಬೇಕು. ಮೊದಲ 10 ಕಿಲೋಮೀಟರ್ ರಾಜ್ಯ ಹೆದ್ದಾರಿ, ಅದಕ್ಕೆ ಬೇರೆ ದಾರಿಯಿಲ್ಲ. ಅಲ್ಲಿಂದ ಮುಂದೆ ಎರಡು ದಾರಿಗಳಿವೆ. ಜಿಲ್ಲಾ ಮುಖ್ಯ ರಸ್ತೆಯಲ್ಲಿ ಹೋದರೆ ನೇರ 5 ಕಿಲೋಮೀಟರ್, ಆದರೆ ಅದು ಅಗಲೀಕರಣದ ಪಟ್ಟಿಯಲ್ಲಿದೆ. ಹಳ್ಳಿ ರಸ್ತೆಯಲ್ಲಿ ಬಳಸಿ ಬಂದರೆ 6 ಕಿಲೋಮೀಟರ್. ಅಲ್ಲಿ ಒಂದೂವರೆ ಕಿಲೋಮೀಟರ್ ಬಂಡೆ ಇದೆ, ಆದರೆ ದಾರಿಯಲ್ಲಿ ಒಂದು ಪ್ರೌಢಶಾಲೆಯೂ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಿಗುತ್ತವೆ. ಕಿಲೋಮೀಟರ್ ಲೆಕ್ಕದಲ್ಲಿ ಬಿಲ್ ಬರೆಯುವವರಿಗೆ 5 ಕಿಲೋಮೀಟರ್ ದಾರಿ ಅಗ್ಗ. ಹತ್ತು ವರ್ಷ ಕಾಯಬೇಕಾದವರಿಗೆ ಅದೇ ದುಬಾರಿ. ರಸ್ತೆ ಅಗಲವಾದಾಗ ಆ 5 ಕಿಲೋಮೀಟರನ್ನು ಮತ್ತೆ ಹಾಕಬೇಕಾಗುತ್ತದೆ, ಹಾಕುವವರೆಗೆ ಪಂಚಾಯಿತಿಗೆ ಸಂಪರ್ಕವಿರುವುದಿಲ್ಲ. ಹೆಚ್ಚಾಗುವ ಒಂದು ಕಿಲೋಮೀಟರ್ ಕೊಟ್ಟು ಹಳ್ಳಿ ರಸ್ತೆ ಹಿಡಿಯುವುದೇ ಸರಿ. ರಸ್ತೆಯ ಮಗ್ಗುಲು ಆರಿಸುವಾಗಲೂ ಇದೇ ತರ್ಕ. ನೀರಿನ ಪೈಪು ಎಡಕ್ಕಿದ್ದರೆ ಫೈಬರ್ ಬಲಕ್ಕೆ, ಅದೂ ಡಾಂಬರಿನ ಅಂಚಿಗಲ್ಲ, ರಸ್ತೆ ಜಮೀನಿನ ಹೊರಗಡಿಯ ಹತ್ತಿರಕ್ಕೆ.

ಈಗ ನೆಲದಡಿಯ ಮಾತು. ಕೇಬಲನ್ನು ನೇರವಾಗಿ ಮಣ್ಣಿಗೆ ಹಾಕುವುದಿಲ್ಲ. ಮೊದಲು 40 ಮಿಲಿಮೀಟರ್ ಹೊರ ವ್ಯಾಸ, 33 ಮಿಲಿಮೀಟರ್ ಒಳ ವ್ಯಾಸದ ಎಚ್‌ಡಿಪಿಇ ಡಕ್ಟ್ ಹೂಳುತ್ತಾರೆ. ಅದರ ಒಳಮೈಗೆ ಸದಾ ಜಾರುವ ಲೇಪನವಿರುತ್ತದೆ. ಆಮೇಲೆ ಕಂಪ್ರೆಸರ್‌ನ ಗಾಳಿಯ ಒತ್ತಡದಿಂದ ಕೇಬಲನ್ನು ಅದರೊಳಗೆ ಊದುತ್ತಾರೆ. ಡಕ್ಟಿನ ನಿಜವಾದ ಬೆಲೆ ಇರುವುದು ಇಲ್ಲೇ. ನಾಳೆ ಕೇಬಲ್ ಕೆಟ್ಟರೆ ರಸ್ತೆ ಅಗೆಯದೆ ಅದನ್ನು ಹೊರಗೆಳೆದು ಹೊಸದನ್ನು ಊದಬಹುದು. ಆದರೆ ಡಕ್ಟ್ ಎಲ್ಲಿಯೂ ನಜ್ಜುಗುಜ್ಜಾಗಿರಬಾರದು, ಜೋಡಣೆಯ ಕಪ್ಲರ್‌ಗಳಲ್ಲಿ ಗಾಳಿ ಸೋರಬಾರದು, ಬಾಯಿ ತೆರೆದಿಟ್ಟು ಕೆಸರು ತುಂಬಿಕೊಂಡಿರಬಾರದು. ಕೇಬಲ್ ಊದುವ ಮೊದಲು ಡಕ್ಟಿನ ಪರೀಕ್ಷೆ ಮಾಡುವುದು ಈ ಕಾರಣಕ್ಕೆ. ಅದನ್ನು ತಪ್ಪಿಸಿದ ಕಡೆ ಕೇಬಲ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಅಗೆತ ಎರಡನೇ ಬಾರಿ ಶುರುವಾಗುತ್ತದೆ.

ಸಾಧಾರಣ ಮಣ್ಣಿನಲ್ಲಿ ಬಿಎಸ್‌ಎನ್‌ಎಲ್ ಪಾಲಿಸಿಕೊಂಡು ಬಂದ ಆಳ 165 ಸೆಂಟಿಮೀಟರ್. ರಸ್ತೆಯಂಚು ಸಮ ಮಾಡುವ ಯಂತ್ರವಾಗಲಿ, ಮೀಟರಿನಷ್ಟು ಆಳಕ್ಕೆ ಹೋಗುವ ನೀರಿನ ಪೈಪಿನ ಗುಂಡಿಯಾಗಲಿ ಮುಟ್ಟದಿರಲಿ ಎಂದೇ ಅಷ್ಟು ಆಳ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಅಗೆಯಲು ಹೋದರೆ ಬಂಡೆ ಸಿಗುತ್ತದೆ. ಅಂಥಲ್ಲಿ ಕಡಿಮೆ ಆಳಕ್ಕೆ ಒಪ್ಪಿಗೆಯಿದೆ. ಆದರೆ ಡಕ್ಟಿಗೆ ಕಬ್ಬಿಣದ ಪೈಪಿನ ಹೊದಿಕೆಯೋ ಕಾಂಕ್ರೀಟಿನ ಕವಚವೋ ಬೇಕು. ಬಂಡೆ ಎಂದು ಬಿಲ್ಲಿನಲ್ಲಿ ಬರೆದು, ಕವಚವಿಲ್ಲದೆ ಮೊಳಕಾಲುದ್ದದಲ್ಲಿ ಮಲಗಿಸಿದ ಕೇಬಲ್ ಒಂದೆರಡು ವರ್ಷದಲ್ಲಿ ತನ್ನ ಕಥೆ ತಾನೇ ಹೇಳುತ್ತದೆ. ಗುಂಡಿ ಮುಚ್ಚುವ ಮೊದಲು ಟೇಪ್ ಹಿಡಿದು ಅಳೆಯುವವರು ಬೇಕು. ಮುಚ್ಚಿದ ಮೇಲೆ ಅಲ್ಲಲ್ಲಿ ಪರೀಕ್ಷಾ ಗುಂಡಿ ತೆಗೆದು ನೋಡದ ಹೊರತು ಆಳದ ಸುಳ್ಳು ಬಯಲಾಗುವುದಿಲ್ಲ.

ಬಯಲುಸೀಮೆಯ ಕಪ್ಪು ಮಣ್ಣು, ಎರೆಭೂಮಿ, ಇನ್ನೊಂದು ಬಗೆಯ ಸವಾಲು. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಆ ನೆಲದಲ್ಲಿ ಅಗೆತ ಸುಲಭ, ಆದರೆ ಕಂಬ ಓಲುತ್ತದೆ. ಮಲೆನಾಡಿನಲ್ಲಿ ಇದರ ತಲೆಕೆಳಗು: ಕಂಬಕ್ಕೆ ಮರ ಬೀಳುವ ಭಯ, ನೆಲದಡಿಯ ಕೇಬಲಿಗೆ ನೆಲವೇ ಜಾರುವ ಭಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆಗಳೇ ಕೊಚ್ಚಿಹೋದವು. ಅಂಥ ಕಡೆ ರಸ್ತೆಯಂಚಿನಲ್ಲಿ ಹೂತದ್ದು ಎಷ್ಟು ಆಳದಲ್ಲಿದ್ದರೂ ರಸ್ತೆಯ ಜೊತೆಗೇ ಹೋಗುತ್ತದೆ.

ಕಂಬದ ಮೇಲಿನ ದಾರಿಗೆ ದೊಡ್ಡ ಬೆಂಬಲ ಸಿಕ್ಕಿದ್ದು 2015ರಲ್ಲಿ. ಯೋಜನೆ ನಿಧಾನವಾಗಿದ್ದು ಕಂಡು ನೇಮಿಸಿದ ಜೆ. ಸತ್ಯನಾರಾಯಣ ಸಮಿತಿ, ನೆಲದಡಿಯ ಕೇಬಲಿನ ಜೊತೆಗೆ ವಿದ್ಯುತ್ ಕಂಬಗಳನ್ನೂ ಬಳಸಿಕೊಳ್ಳಿ ಎಂದಿತು. ಆಂಧ್ರಪ್ರದೇಶ ತನ್ನ ಫೈಬರ್‌ನೆಟ್ಟಿಗೆ ವಿದ್ಯುತ್ ಕಂಬಗಳನ್ನೇ ನೆಚ್ಚಿಕೊಂಡಿತು. ಕೇರಳದ ಕೆ-ಫೋನ್ ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಸಾಗಿ 2023ರ ಜೂನ್‌ನಲ್ಲಿ ಉದ್ಘಾಟನೆ ಕಂಡಿತು. ಅಗೆಯುವ ಅನುಮತಿ ಬೇಡ, ಬಂಡೆ ಒಡೆಯುವುದು ಬೇಡ, ಖರ್ಚು ಕಡಿಮೆ, ತಿಂಗಳುಗಳ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಇದಕ್ಕೆ ಬಳಸುವ ಕೇಬಲಿನಲ್ಲಿ ಲೋಹವೇ ಇರುವುದಿಲ್ಲ. ತನ್ನ ಭಾರವನ್ನು ತಾನೇ ಹೊರಲು ಬಲವಾದ ಅರಾಮಿಡ್ ನೂಲು ಸುತ್ತಿರುತ್ತಾರೆ. ಹಾಗಾಗಿ ವಿದ್ಯುತ್ ತಂತಿಯ ಕೆಳಗೆ ಕಟ್ಟಿದರೂ ಅದರಲ್ಲಿ ಕರೆಂಟು ಹರಿಯುವ ಭಯ ಕಡಿಮೆ.

ಆದರೆ ಕಂಬದ ಮೇಲೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಕಬ್ಬಿನ ನಾಡಿನ ಒಂದು ರಸ್ತೆ ದಾಟು ನೋಡಬೇಕು. 8 ಮೀಟರ್ ಕಂಬದ ಆರನೇ ಒಂದು ಭಾಗ ನೆಲದೊಳಗೆ ಹೋದರೆ ಮೇಲೆ ಉಳಿಯುವುದು 6.7 ಮೀಟರ್. ತುದಿಯಲ್ಲಿ ವಿದ್ಯುತ್ ತಂತಿಗಳಿವೆ, ಅವುಗಳಿಂದ ಸುರಕ್ಷಿತ ಅಂತರ ಬಿಟ್ಟು ಫೈಬರನ್ನು 5.6 ಮೀಟರ್ ಎತ್ತರದಲ್ಲಿ ಕಟ್ಟಿದರು ಎನ್ನೋಣ. ಕಂಬದಿಂದ ಕಂಬಕ್ಕೆ 60 ಮೀಟರ್ ಇದ್ದು, ನಡುವೆ 60 ಸೆಂಟಿಮೀಟರ್ ಜೋಲುವಂತೆ ಬಿಗಿದರೆ ರಸ್ತೆಯ ಮೇಲೆ 5 ಮೀಟರ್ ಉಳಿಯುತ್ತದೆ. ಮುಂದಿನ ಅಂತರ 84 ಮೀಟರ್ ಇದ್ದರೆ? ಬಿಗಿತ ಅಷ್ಟೇ ಇದ್ದಾಗ ಜೋಲು ಅಂತರದ ವರ್ಗದಂತೆ ಏರುತ್ತದೆ. ಅಂತರ 1.4 ಪಟ್ಟಾದರೆ ಜೋಲು ಸುಮಾರು ಎರಡು ಪಟ್ಟು, ಅಂದರೆ 1.2 ಮೀಟರ್. ರಸ್ತೆಯ ಮೇಲೆ ಉಳಿದದ್ದು 4.4 ಮೀಟರ್. ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಾರ್ಖಾನೆಗೆ ಹೊರಟ ಕಬ್ಬಿನ ಲಾರಿಯ ಹೇರು ಅದನ್ನು ಮುಟ್ಟಲು ಬಹಳ ದೂರವಿಲ್ಲ. ಹೆಚ್ಚು ಬಿಗಿದರೆ ಜೋಲು ಕಡಿಮೆಯಾಗುತ್ತದೆ, ಆಗ ತಿರುವಿನ ಕಂಬವನ್ನು ಕೇಬಲ್ ಒಂದೇ ಕಡೆಗೆ ಜಗ್ಗುತ್ತದೆ. ಆ ಕಂಬಕ್ಕೆ ಎದುರು ದಿಕ್ಕಿನಲ್ಲಿ ಸ್ಟೇ ತಂತಿ ಬೇಕೇ ಬೇಕು. ರಸ್ತೆ ದಾಟುವಲ್ಲಿ ನಡುವೆ ಒಂದು ಕಂಬ ಹೆಚ್ಚಿಗೆ ನೆಡುವುದು ಅಥವಾ ಅಷ್ಟೇ ದೂರವನ್ನು ನೆಲದಡಿ ಕೊರೆದು ದಾಟಿಸುವುದು ಬುದ್ಧಿವಂತಿಕೆ.

ಕಂಬದ ಮೇಲಿನ ಕೇಬಲಿಗೆ ಇನ್ನೊಬ್ಬ ಯಜಮಾನರಿದ್ದಾರೆ. ಕಂಬ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳದ್ದು. ಅವರು ಕಂಬ ಬದಲಿಸಿದರೆ, ಸ್ಥಳಾಂತರಿಸಿದರೆ ಫೈಬರ್ ಕೆಳಗಿಳಿಯುತ್ತದೆ. 11 ಕೆವಿ ಮಾರ್ಗದ ಕಂಬ ಹತ್ತಬೇಕಾದರೆ ಲೈನ್ ಕ್ಲಿಯರ್ ಸಿಗಬೇಕು, ಇಲ್ಲದಿದ್ದರೆ ಹತ್ತುವವನ ಜೀವಕ್ಕೇ ಅಪಾಯ. ಸಂಜೆ ಗಾಳಿಮಳೆಗೆ ಕಂಬ ಬಿದ್ದರೆ ಲೈನ್‌ಮನ್‌ಗಳು ಮೊದಲು ಕರೆಂಟು ಕೊಡುತ್ತಾರೆ. ಅದು ಸರಿಯೂ ಹೌದು, ಫೈಬರಿನ ಸರದಿ ಆಮೇಲೆ. ಇಷ್ಟಿದ್ದರೂ ಒಂದು ಅನುಕೂಲವನ್ನು ಅಲ್ಲಗಳೆಯುವಂತಿಲ್ಲ: ಕಂಬದ ಮೇಲಿನ ದೋಷ ಕಣ್ಣಿಗೆ ಕಾಣುತ್ತದೆ. ಏಣಿಯೊಂದಿಗೆ ಇಬ್ಬರು ಹೋದರೆ ಕೆಲವೇ ಗಂಟೆಗಳಲ್ಲಿ ಬೆಸೆದು ಬರಬಹುದು. ನೆಲದಡಿಯ ದೋಷ ಅಪರೂಪ, ಆದರೆ ಹುಡುಕುವುದಕ್ಕೇ ದಿನ ಹಿಡಿಯುತ್ತದೆ.

ಹುಡುಕುವ ಉಪಕರಣದ ಹೆಸರು ಓಟಿಡಿಆರ್. ಎಳೆಯೊಳಗೆ ಬೆಳಕಿನ ಸಣ್ಣ ಮಿಡಿತ ಕಳಿಸಿ, ಮರಳಿ ಬರುವ ಬೆಳಕು ತೆಗೆದುಕೊಂಡ ಸಮಯದಿಂದ ದೂರ ಹೇಳುವ ಯಂತ್ರ. ನಮ್ಮ ಮಾದರಿ ದಾರಿಯಲ್ಲಿ ಅದು 12.84 ಕಿಲೋಮೀಟರ್ ತೋರಿಸಿತು ಎನ್ನಿ. ಗಾಡಿಯ ಮೀಟರ್ ನೋಡಿ ಅಷ್ಟೇ ದೂರ ಹೋಗಿ ಅಗೆದರೆ ಏನೂ ಸಿಗುವುದಿಲ್ಲ. ಯಂತ್ರ ಅಳೆದದ್ದು ಗಾಜಿನ ಎಳೆಯ ಉದ್ದ, ರಸ್ತೆಯದ್ದಲ್ಲ. ಸುಮಾರು ಎರಡು ಕಿಲೋಮೀಟರಿಗೊಂದು ಇರುವ ಜೋಡಣೆಯ ತೊಟ್ಟಿಗಳಲ್ಲಿ ಮುಂದಿನ ರಿಪೇರಿಗೆಂದು ಕೇಬಲನ್ನು ಸುರುಳಿ ಸುತ್ತಿಟ್ಟಿರುತ್ತಾರೆ. ತೊಟ್ಟಿಗೆ 20 ಮೀಟರ್ ಎಂದರೂ ಆರು ತೊಟ್ಟಿಗೆ 120 ಮೀಟರ್. ಕೇಬಲಿನೊಳಗೆ ಎಳೆ ನೇರವಾಗಿರದೆ ತಿರುಚಿಕೊಂಡಿರುವುದರಿಂದ ನೂರಕ್ಕೆ ಒಂದರಷ್ಟು ಹೆಚ್ಚಿದ್ದರೆ ಇನ್ನೊಂದು 130 ಮೀಟರ್. ಎರಡೂ ಕಳೆದರೆ ನಿಜವಾದ ಜಾಗ ಕಾಲು ಕಿಲೋಮೀಟರ್ ಹಿಂದೆ. ಬಲ್ಲವರು ಇಡೀ ದೂರವನ್ನು ನಂಬದೆ, ದೋಷಕ್ಕೆ ಹತ್ತಿರದ ಗೊತ್ತಿರುವ ಜೋಡಣೆಯಿಂದ ಅಳೆದುಕೊಳ್ಳುತ್ತಾರೆ. ಅದಕ್ಕೆ ಜೋಡಣೆಗಳು ಎಲ್ಲಿವೆ, ಯಾವುದರಲ್ಲಿ ಎಷ್ಟು ಸುರುಳಿ ಇದೆ ಎಂದು ಬರೆದಿಟ್ಟ ನಕ್ಷೆ ಬೇಕು. ಗುತ್ತಿಗೆದಾರ ಕೊಟ್ಟು ಹೋಗಬೇಕಾದ ಅತ್ಯಂತ ಬೆಲೆಯುಳ್ಳ ವಸ್ತು ಕೇಬಲಿಗಿಂತಲೂ ಈ ನಕ್ಷೆಯೇ. ರಸ್ತೆಯಂಚಿನ ಗುರುತು ಕಲ್ಲುಗಳೂ ಅಷ್ಟೇ, ಕಳೆ ಬೆಳೆದು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕಾದವು.

ತುಂಡಾಗದೆಯೂ ಸಂಪರ್ಕ ಕೆಡಬಹುದು. ಕಂಬದ ಕ್ಲ್ಯಾಂಪಿನಲ್ಲೋ ತೊಟ್ಟಿಯ ಸುರುಳಿಯಲ್ಲೋ ಎಳೆ ಚೂಪಾಗಿ ಬಾಗಿದರೆ ಬೆಳಕು ಸೋರುತ್ತದೆ. ಅದನ್ನು ಪತ್ತೆಹಚ್ಚಲು 1310 ಮತ್ತು 1550 ನ್ಯಾನೋಮೀಟರ್ ಎರಡೂ ತರಂಗಗಳಲ್ಲಿ ಅಳೆಯಬೇಕು. ಒಂದೇ ಜಾಗದಲ್ಲಿ 1550ರ ನಷ್ಟ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಅದು ಬಾಗು, ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿದ್ದರೆ ಕೆಟ್ಟ ಬೆಸುಗೆ. ಇನ್ನೊಂದು ಸಾಧ್ಯತೆ ಪಂಚಾಯಿತಿಯಲ್ಲೇ ಕರೆಂಟು ಹೋಗಿ ಬ್ಯಾಟರಿ ಬರಿದಾಗಿರುವುದು. ಪೆಟ್ಟಿಗೆ ಆರುವ ಮುನ್ನ ತನಗೆ ಕರೆಂಟು ಹೋಯಿತೆಂದು ಕೊನೆಯ ಸಂದೇಶವೊಂದನ್ನು ತಾಲ್ಲೂಕು ಕೇಂದ್ರಕ್ಕೆ ಕಳಿಸುತ್ತದೆ. ಅದನ್ನು ಓದದೆ ತಂಡ ಕಳಿಸಿದರೆ, ಸತ್ತ ಬ್ಯಾಟರಿಗಾಗಿ ಹದಿನಾರು ಕಿಲೋಮೀಟರ್ ಕೇಬಲ್ ಜಾಲಾಡಿದಂತಾಗುತ್ತದೆ.

ಪ್ರತಿ ರಿಪೇರಿಯೂ ಸ್ವಲ್ಪ ಬೆಳಕು ತಿನ್ನುತ್ತದೆ. ನಮ್ಮ 16 ಕಿಲೋಮೀಟರ್ ದಾರಿಯಲ್ಲಿ ಎಳೆಯ ನಷ್ಟ ಕಿಲೋಮೀಟರಿಗೆ 0.35 ಡೆಸಿಬೆಲ್‌ನಂತೆ 5.6. ಬೆಳಕನ್ನು ಎಂಟು ಪಾಲು ಮಾಡುವ ಸ್ಪ್ಲಿಟರ್ 10.5 ತಿನ್ನುತ್ತದೆ. ಎಂಟು ಬೆಸುಗೆ ಮತ್ತು ನಾಲ್ಕು ಕನೆಕ್ಟರ್‌ಗಳಿಗೆ ಸುಮಾರು 2.8. ಒಟ್ಟು 18.9. ಈ ಬಗೆಯ ಜಾಲದ ಸಾಮಾನ್ಯ ಉಪಕರಣ 28 ಡೆಸಿಬೆಲ್ ತಡೆಯುತ್ತದೆ, ಅಂದರೆ 9ರಷ್ಟು ಮಿಗತೆ. ಒಂದು ಕಡೆ ತುಂಡಾದಾಗ ನಡುವೆ ಹೊಸ ತುಣುಕು ಸೇರಿಸಿದರೆ ಎರಡು ಬೆಸುಗೆ ಹೆಚ್ಚುತ್ತವೆ. ಚೆನ್ನಾಗಿ ಬೆಸೆದರೆ ಇಪ್ಪತ್ತು ರಿಪೇರಿಗೂ 4 ಡೆಸಿಬೆಲ್ ಸಾಕು. ರಸ್ತೆ ಬದಿಯ ಧೂಳಿನಲ್ಲಿ ಅವಸರದಿಂದ ಬೆಸೆದರೆ ಒಂದೊಂದೂ ಮೂರು ಪಟ್ಟು ನುಂಗಿ, ಮಿಗತೆ ಪೂರ್ತಿ ಮುಗಿಯುತ್ತದೆ. ಆಗ ಎಲ್ಲಿಯೂ ತುಂಡಾಗದಿದ್ದರೂ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಹಸ್ತಾಂತರದ ದಿನ ಪಂಚಾಯಿತಿಯಲ್ಲಿ ಅಳೆದ ಬೆಳಕಿನ ಪ್ರಮಾಣವನ್ನು ಬರೆದಿಟ್ಟು, ಪ್ರತಿ ರಿಪೇರಿಯ ನಂತರ ಹೋಲಿಸುವುದೇ ಇದಕ್ಕೆ ಮದ್ದು.

ಹಾಗಾದರೆ ನೆಲವೋ ಕಂಬವೋ? ಹಲವು ಪಂಚಾಯಿತಿಗಳ ಭಾರ ಹೊತ್ತ ಭಾಗ, ನಮ್ಮ ಮಾದರಿಯ ಮೊದಲ 10 ಕಿಲೋಮೀಟರ್, ದುಬಾರಿಯಾದರೂ ಡಕ್ಟಿನಲ್ಲೇ ನೆಲದಡಿ ಇರಬೇಕು. ಒಂದೇ ಪಂಚಾಯಿತಿಗೆ ಹೋಗುವ ಕೊನೆಯ ಕವಲಿನಲ್ಲಿ, ಬಂಡೆಯಿರುವ ಕಡೆ, ಗುಡ್ಡ ಜಾರುವ ಕಡೆ ಕಂಬ ಒಪ್ಪತಕ್ಕದ್ದೇ. ಆ ಒಂದೂವರೆ ಕಿಲೋಮೀಟರ್ ಬಂಡೆಯನ್ನು ಕಂಬದ ಮೇಲೆ ದಾಟಿಸಬಹುದು. ಆದರೆ ನೆಲದಿಂದ ಕಂಬಕ್ಕೆ ಏರುವಲ್ಲಿ ಕೇಬಲಿಗೆ ಕಬ್ಬಿಣದ ಪೈಪಿನ ರಕ್ಷೆ ಬೇಕು, ಏರಿಳಿತಗಳ ಸಂಖ್ಯೆಯೂ ಕಡಿಮೆ ಇರಬೇಕು. ಊರೂರಿಗೆ ಏರಿ ಇಳಿಯುವ ಕೇಬಲಿಗೆ ಎರಡೂ ಬಗೆಯ ರೋಗಗಳು ಅಂಟುತ್ತವೆ.

ಅಗೆಯುವವರು ಮೊದಲೇ ತಿಳಿಸಬೇಕೆಂಬ ನಿಯಮ ಈಗ ಇದೆ. ಅದಕ್ಕೆಂದೇ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂದಿದೆ. ಜಾಗ ಗುರುತಿಸಿ ಅರ್ಜಿ ಹಾಕಿದರೆ ಆ ನೆಲದಡಿ ಕೇಬಲ್, ಪೈಪು ಹೊಂದಿರುವವರಿಗೆ ಸೂಚನೆ ಹೋಗುತ್ತದೆ. ಆದರೆ ಹಳ್ಳಿಯ ಚರಂಡಿ, ನೀರಿನ ಪೈಪಿನ ಕೆಲಸಗಳಿಗೆ ಜೆಸಿಬಿ ಬರುವುದು ಹೆಚ್ಚಾಗಿ ಪಂಚಾಯಿತಿಗೆ ಗೊತ್ತಿದ್ದೇ. ಕೆಲಸದ ಆದೇಶಕ್ಕೆ ಸಹಿ ಹಾಕುವ ಪಿಡಿಒ, ಅಧ್ಯಕ್ಷರು ಅದರಲ್ಲಿ ಒಂದು ಸಾಲು ಸೇರಿಸಲಿ: ಆ್ಯಪಿನಲ್ಲಿ ತಿಳಿಸಿದ ದಾಖಲೆ ತೋರಿಸದೆ ಅಗೆಯುವಂತಿಲ್ಲ. ಜೊತೆಗೆ ತಮ್ಮ ಕಚೇರಿಗೆ ಬಂದ ಕೇಬಲಿನ ನಕ್ಷೆಯ ಒಂದು ಪ್ರತಿಯನ್ನು ಕೇಳಿ ಪಡೆದು, ಆ ಪೆಟ್ಟಿಗೆಯ ಪಕ್ಕದ ಗೋಡೆಗೇ ಅಂಟಿಸಿಕೊಳ್ಳಲಿ.